ಪ್ಲೇಟ್ ರೇಟು ನೋಡಿ ಮಂಟಪ ಬುಕ್ ಮಾಡುವ ಮೊದಲು

ಗೋಣಿಕೊಪ್ಪದ ಅಕ್ಕನ ಮನೆಯಲ್ಲಿ ಊಟದ ಮೇಜಿನ ಮೇಲೆ ಎರಡು ಕೊಟೇಶನ್ ಇದ್ದವು. ಅಕ್ಕನ ಮಗಳ ಮದುವೆ. ಎರಡೂ ಕಡೆಯವರು ಸೇರಿ ಒಂದೇ ಮಂಟಪದಲ್ಲಿ ಮಾಡುವುದು ಅಂತ ಮಾತಾಗಿತ್ತು. ಒಂದು ಕಾಗದದಲ್ಲಿ "ಪ್ಲೇಟ್‌ಗೆ 850 ರೂ., ಮಂಟಪ ಫ್ರೀ" ಅಂತ ಬರೆದಿತ್ತು. ಇನ್ನೊಂದರಲ್ಲಿ ಊಟಕ್ಕೆ ಪ್ಲೇಟ್‌ಗೆ 720, ಮಂಟಪದ ಬಾಡಿಗೆ ಬೇರೆ, 90,000. ಭಾವ ಫೋನಿನಲ್ಲಿ 600 ಜನಕ್ಕೆ ಗುಣಿಸಿ ನೋಡಿದರು. ಮೊದಲನೆಯದು 5,10,000. ಎರಡನೆಯದು ಬಾಡಿಗೆ ಸೇರಿ 5,22,000.

"ಮೊದಲನೆಯದೇ ಆಗಲಿ. ಹನ್ನೆರಡು ಸಾವಿರ ಉಳಿಯುತ್ತೆ, ಓಡಾಟವೂ ಕಮ್ಮಿ" ಅಂದರು.

ನಾನು ಒಂದೇ ಪ್ರಶ್ನೆ ಕೇಳಿದೆ. "ಭಾವ, ಮಂಟಪದ ಬೀಗ ನಮ್ಮ ಕೈಗೆ ಎಷ್ಟು ಗಂಟೆಗೆ ಕೊಡ್ತಾರೆ, ಎಷ್ಟು ಗಂಟೆಗೆ ವಾಪಸ್ ಕೇಳ್ತಾರೆ?" ಎರಡು ಕಾಗದದಲ್ಲೂ ಅದು ಇರಲಿಲ್ಲ. ಫೋನ್ ಮಾಡಿ ಕೇಳಿದೆವು. ಅಲ್ಲಿಂದ ಮುಂದೆ ಆ ಹನ್ನೆರಡು ಸಾವಿರದ ಲೆಕ್ಕ ಪೂರ್ತಿ ತಿರುಗಿಹೋಯಿತು. ಹೇಗೆ ಅಂತ ಹಂತ ಹಂತವಾಗಿ ಹೇಳುತ್ತೇನೆ. ನಿಮ್ಮ ಮನೆಯ ಮದುವೆಯ ಅಂಕಿ ಬೇರೆ ಇರಬಹುದು, ಲೆಕ್ಕ ಹಾಕುವ ರೀತಿ ಇದೇ.

ಮೊದಲು ನಿಮ್ಮ ಮದುವೆಯ ವೇಳಾಪಟ್ಟಿ ಬರೆಯಿರಿ

ಕೊಟೇಶನ್ ಕೇಳುವ ಮೊದಲೇ ಮಾಡಬೇಕಾದ ಕೆಲಸ ಇದು. ಬೇರೆ ಊರಿನಲ್ಲಿ ಮದುವೆ ಅಂದರೆ ಬೆಳಗ್ಗೆ ಮುಹೂರ್ತ, ಮಧ್ಯಾಹ್ನ ಊಟ, ಸಂಜೆಗೆ ಮಂಟಪ ಖಾಲಿ. ಪ್ಯಾಕೇಜ್‌ಗಳೂ ಬಹಳಷ್ಟು ಹಾಗೇ ಇರುತ್ತವೆ, ಬೆಳಗ್ಗೆ 9ರಿಂದ ಸಂಜೆ 6. ಕೊಡವರ ಮದುವೆ ಅದರೊಳಗೆ ಹಿಡಿಸುವುದಿಲ್ಲ. ಹಿಂದಿನ ಸಂಜೆ ಊರ್‌ಕೂಡುವೊ, ಅವತ್ತು ರಾತ್ರಿ ಊಟ. ಮರುದಿನ ಬೆಳಗ್ಗೆ ತಿಂಡಿ, ದಿಬ್ಬಣ ಬಂದ ಮೇಲೆ ಬಾಳೆ ಕಡಿಯುವುದು, ಮುಹೂರ್ತ, ದೊಡ್ಡ ಊಟ. ಸಂಜೆ ಗಂಗಾಪೂಜೆ, ಆಮೇಲೆ ಹತ್ತಿರದವರಿಗೆ ರಾತ್ರಿ ಊಟ.

ಈ ಗಂಗಾಪೂಜೆಯ ಸಮಯವನ್ನು ಯಾರೂ ಸರಿಯಾಗಿ ಬರೆಯುವುದಿಲ್ಲ. ಹುಡುಗಿ ನೀರಿನ ಬಿಂದಿಗೆ ತಲೆ ಮೇಲೆ ಹೊತ್ತು ನಿಂತಿರುತ್ತಾಳೆ. ಎದುರಿಗೆ ನೆಂಟರು ವಾಲಗಕ್ಕೆ ಕುಣಿಯುತ್ತಾ ದಾರಿ ಬಿಡುವುದಿಲ್ಲ. ಬಾವಿಯಿಂದ ಒಳಗೆ ಬರುವ ಐವತ್ತು ಹೆಜ್ಜೆಗೆ ಎರಡು ಗಂಟೆ, ಮೂರು ಗಂಟೆ. ಅದು ತಡ ಆಗಿದ್ದಲ್ಲ, ಆ ಶಾಸ್ತ್ರವೇ ಹಾಗೆ. ಅಂದರೆ ಓವರ್‌ಟೈಮ್ ನಮ್ಮ ಮದುವೆಯಲ್ಲಿ ಆಕಸ್ಮಿಕ ಅಲ್ಲ. ಮುಂಚೆಯೇ ಗೊತ್ತಿರುವ ಖರ್ಚು. ಹಾಗಾಗಿ ಅದನ್ನು ಮೊದಲ ದಿನವೇ ಲೆಕ್ಕಕ್ಕೆ ಸೇರಿಸಬೇಕು.

ನಾವು ಬರೆದ ಪಟ್ಟಿ ಹೀಗಿತ್ತು. ಹಿಂದಿನ ದಿನ ಮಧ್ಯಾಹ್ನ 3ಕ್ಕೆ ಡೆಕೊರೇಷನ್‌ನವರು ಒಳಗೆ ಬರಬೇಕು. ರಾತ್ರಿ ಊಟಕ್ಕೆ 250 ಜನ. ಮರುದಿನ ಬೆಳಗ್ಗೆ ತಿಂಡಿಗೆ 150, ಮಧ್ಯಾಹ್ನ 600, ಸಂಜೆ ಕಾಫಿ ತಿಂಡಿಗೆ 200, ರಾತ್ರಿ ಊಟಕ್ಕೆ 200. ಮಂಟಪ ಬಿಡುವುದು ರಾತ್ರಿ 10:30ಕ್ಕೆ. ಈ ಕಾಗದದ ಫೋಟೊ ತೆಗೆದು ಎರಡೂ ಕಡೆಗೆ ಒಂದೇ ಮೆಸೇಜ್ ಕಳಿಸಿದೆವು:

"ಇದು ನಮ್ಮ ಎರಡು ದಿನದ ಕಾರ್ಯಕ್ರಮ. ಈ ಸಮಯಕ್ಕೆ, ಇಷ್ಟು ಜನಕ್ಕೆ ಒಟ್ಟು ಎಷ್ಟಾಗುತ್ತದೆ? ಒಂದೊಂದು ಊಟಕ್ಕೂ ಬೇರೆ ಬೇರೆ ರೇಟು ಬರೆಯಿರಿ. ನಿಮ್ಮ ರೇಟಿನಲ್ಲಿ ಸೇರದೆ ಇರುವುದು ಏನೇನು ಅಂತಲೂ ಬರೆಯಿರಿ."

ಕೊನೆಯ ಸಾಲು ಮರೆಯಬೇಡಿ. "ಏನೇನು ಸೇರಿದೆ?" ಅಂತ ಕೇಳಿದರೆ ಉದ್ದದ ಪಟ್ಟಿ ಬರುತ್ತದೆ. ವೆಲ್‌ಕಮ್ ಡ್ರಿಂಕ್, ಟಿಶ್ಯೂ, ಬೀಡಾ ಎಲ್ಲ ಇರುತ್ತದೆ. ದುಡ್ಡು ಹೋಗುವುದು ಪಟ್ಟಿಯಲ್ಲಿ ಇಲ್ಲದ್ದಕ್ಕೆ. ಅದನ್ನು ಅವರ ಕೈಯಲ್ಲೇ ಬರೆಸಬೇಕು.

ಉತ್ತರ ಬಂದ ಮೇಲೆ

"ಮಂಟಪ ಫ್ರೀ" ಅಂದವರ ಉತ್ತರ ಮೊದಲು ಬಂತು. ಫ್ರೀ ಇರುವುದು ಮದುವೆ ದಿನ 9ರಿಂದ 6ರವರೆಗೆ ಮಾತ್ರ. ಹಿಂದಿನ ಸಂಜೆಗೆ ಬೇರೆ 40,000. ಆರು ಗಂಟೆ ಮೀರಿದರೆ ಗಂಟೆಗೆ 15,000. ಅರ್ಧ ಗಂಟೆ ಆದರೂ ಒಂದು ಗಂಟೆ ಅಂತಲೇ ಲೆಕ್ಕ. ನಮ್ಮ 10:30ಕ್ಕೆ ನಾಲ್ಕೂವರೆ ಗಂಟೆ, ಅವರ ಲೆಕ್ಕದಲ್ಲಿ ಐದು. ಅಲ್ಲಿಗೆ 75,000. 850 ರೂಪಾಯಿ ಮಧ್ಯಾಹ್ನದ ಊಟಕ್ಕೆ ಮಾತ್ರ. ಉಳಿದ ನಾಲ್ಕು ಊಟ ತಿಂಡಿ ಸೇರಿ 2,62,000. ಡೆಕೊರೇಷನ್ ಅವರದ್ದೇ ಆಗಬೇಕು, ಹೊರಗಿನವರಿಗೆ ಬಿಡುವುದಿಲ್ಲ, ಅದು 85,000. ಕ್ಲೀನಿಂಗ್, ಜನರೇಟರ್‌ಗೆ 18,000.

ಎಲ್ಲ ಕೂಡಿಸಿದರೆ 9,90,000.

ಇನ್ನೊಂದು ಕಡೆ 90,000 ಬಾಡಿಗೆಯಲ್ಲೇ ಹಿಂದಿನ ಮಧ್ಯಾಹ್ನ 3ರಿಂದ ಮದುವೆ ದಿನ ರಾತ್ರಿ 11ರವರೆಗೆ ಮಂಟಪ ನಮ್ಮದು. ಓವರ್‌ಟೈಮ್ ಮಾತೇ ಇಲ್ಲ. ಉಳಿದ ಊಟಗಳಿಗೆ 2,26,500. ನಮ್ಮದೇ ಡೆಕೊರೇಷನ್‌ನವರಿಗೆ 60,000, ಹೊರಗಿನವರನ್ನು ಕರೆಸಿದ್ದಕ್ಕೆ ಮಂಟಪಕ್ಕೆ 5,000. ಕರೆಂಟು ಮೀಟರ್ ಪ್ರಕಾರ, ಜನರೇಟರ್ ಡೀಸೆಲ್, ಕ್ಲೀನಿಂಗ್, ಹೆಚ್ಚಿನ ಮೇಜು ಪಾತ್ರೆಗೆ ಬಾಡಿಗೆ, ಅಡುಗೆಯವರ ಗಾಡಿ ಖರ್ಚು ಎಲ್ಲ ಸೇರಿ 45,000. ಒಟ್ಟು 8,58,500.

ಹನ್ನೆರಡು ಸಾವಿರ ಉಳಿಸುತ್ತದೆ ಅಂದುಕೊಂಡದ್ದು 1,31,500 ಜಾಸ್ತಿ ಆಗಿತ್ತು. ನೋಡಿ, ಎರಡನೆಯವರಲ್ಲಿ ಚಿಲ್ಲರೆ ಬಾಬತ್ತು ಹೆಚ್ಚು. ಕಾಗದ ನೋಡಿದರೆ ಅವರೇ ಎಲ್ಲದಕ್ಕೂ ದುಡ್ಡು ಕೇಳುತ್ತಿದ್ದಾರೆ ಅನಿಸುತ್ತದೆ. ಆದರೆ ಆ ಸಾಲುಗಳೆಲ್ಲ ಸಣ್ಣವು. ಮೊದಲನೆಯವರದ್ದು ಮೂರೇ ದೊಡ್ಡ ಸಾಲು: ಹಿಂದಿನ ಸಂಜೆ, ಓವರ್‌ಟೈಮ್, ಡೆಕೊರೇಷನ್. ಸೇರಿಸಿದರೆ ಎರಡು ಲಕ್ಷ.

ಮೊದಲನೆಯವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಒಂದೇ ಹಗಲಿನಲ್ಲಿ ಮುಗಿಯುವ ಮದುವೆಗೆ ಅವರ ರೇಟು ಚೆನ್ನಾಗಿಯೇ ಇದೆ. ನಮ್ಮ ಮದುವೆಗೆ ಹೊಂದುವುದಿಲ್ಲ ಅಷ್ಟೆ.

ಓವರ್‌ಟೈಮ್ ಬಗ್ಗೆ ಇನ್ನೂ ಸ್ವಲ್ಪ

ಗಂಟೆಗೆ ಎಷ್ಟು ಅಂತ ಕೇಳಿ ಸುಮ್ಮನಾಗಬೇಡಿ. ಗಡಿಯಾರ ನಿಲ್ಲುವುದು ಯಾವಾಗ ಅಂತ ಕೇಳಿ. ಜನ ಹೊರಟಾಗಲೋ, ನಮ್ಮ ಸಾಮಾನು ಹೊರಗೆ ಹೋದಾಗಲೋ, ಡೆಕೊರೇಷನ್‌ನವರು ಕಂಬ ಬಿಚ್ಚಿ ಲಾರಿಗೆ ಹಾಕಿದಾಗಲೋ? ದೊಡ್ಡ ಸ್ಟೇಜ್ ಬಿಚ್ಚುವುದಕ್ಕೆ ಒಂದೂವರೆ, ಎರಡು ಗಂಟೆ ಬೇಕು. ಅದೂ ನಿಮ್ಮ ಲೆಕ್ಕಕ್ಕೆ ಬಂದರೆ ಕುಣಿಯದೆ ಇದ್ದ ಹೊತ್ತಿಗೂ ದುಡ್ಡು ಕೊಡುತ್ತೀರಿ.

ಇನ್ನೊಂದು ಓವರ್‌ಟೈಮ್ ಬಡಿಸುವವರದ್ದು. ಮಂಟಪದ ಸಮಯ ರಾತ್ರಿಯವರೆಗೆ ಇದ್ದರೂ ಬಡಿಸುವ ಹುಡುಗರು ಮಧ್ಯಾಹ್ನದ ಪಾಳಿಗೆ ಮಾತ್ರ ಬಂದಿರುತ್ತಾರೆ. ಸಂಜೆ ಐದರ ನಂತರ ತಲೆಗೆ ಇಷ್ಟು ಅಂತ ಕೇಳುತ್ತಾರೆ. ಇದು ಮಂಟಪದ ಕಾಗದದಲ್ಲಿ ಬರುವುದಿಲ್ಲ, ಅಡುಗೆಯವರ ಕಾಗದದಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. "ಅಣ್ಣ, ರಾತ್ರಿ ಊಟ ಮುಗಿಯುವವರೆಗೂ ಹತ್ತು ಜನ ಇರಬೇಕು, ಅದು ರೇಟಿನಲ್ಲೇ ಬಂತಾ?" ಅಂತ ನೇರ ಕೇಳಿ, ಹೌದು ಅಂದರೆ ಮೆಸೇಜ್ ಹಾಕಿಸಿಕೊಳ್ಳಿ.

ಚೌಕಾಸಿ ಮಾಡುವುದಾದರೆ ಗಂಟೆಯ ರೇಟು ಇಳಿಸಲು ಒದ್ದಾಡಬೇಡಿ, ಅವರು ಒಪ್ಪುವುದು ಕಮ್ಮಿ. ಅದರ ಬದಲು ಎರಡು ಕೇಳಿ: ಅರ್ಧ ಗಂಟೆಯ ಲೆಕ್ಕ, ಮತ್ತು ಮೊದಲ ಅರ್ಧ ಗಂಟೆ ಬಿಡುವುದು. ನಾವು ಕೇಳಿದಾಗ ಮೊದಲನೆಯವರು ಈ ಎರಡಕ್ಕೂ ಒಪ್ಪಿದ್ದರು. ಹಾಗೆ ಮಾಡಿದರೆ ಐದು ಗಂಟೆ ನಾಲ್ಕಕ್ಕೆ ಇಳಿದು 15,000 ಉಳಿಯುತ್ತಿತ್ತು. ಇನ್ನು ಧ್ವನಿವರ್ಧಕ ಹೇಗೂ ರಾತ್ರಿ 10ರ ನಂತರ ಕಾನೂನು ಪ್ರಕಾರ ಹೊರಗೆ ಬಯಲಲ್ಲಿ ಹಾಕುವಂತಿಲ್ಲ. ಡಿಜೆಗೆ 12ರವರೆಗೆ ದುಡ್ಡು ಕೊಟ್ಟು ಬುಕ್ ಮಾಡಬೇಡಿ.

ಪ್ಲೇಟ್ ಎಣಿಸುವುದು ಹೇಗೆ

ಕೆಲವು ವರ್ಷದ ಹಿಂದೆ ನಮ್ಮದೇ ಕುಟುಂಬದ ಒಂದು ಮದುವೆಯಲ್ಲಿ ಬಿಲ್ 740 ಪ್ಲೇಟ್‌ಗೆ ಬಂತು. ಬಂದದ್ದು ಹೆಚ್ಚೆಂದರೆ 620 ಜನ. ಜಗಳ ಆಯಿತು. ಆಮೇಲೆ ತಿಳಿಯಿತು, ಅಡುಗೆಯವರು ಸುಳ್ಳು ಹೇಳಿರಲಿಲ್ಲ. ಡ್ರಿಂಕ್ಸ್ ಜೊತೆ ಪಂದಿ ಫ್ರೈ ತಿನ್ನುವುದಕ್ಕೆ ಜನ ದೊಡ್ಡ ಪ್ಲೇಟೇ ತೆಗೆದುಕೊಂಡಿದ್ದರು. ಅದನ್ನು ಕುರ್ಚಿಯ ಕೆಳಗೆ ಇಟ್ಟು ಊಟಕ್ಕೆ ಹೊಸ ಪ್ಲೇಟ್ ಹಿಡಿದಿದ್ದರು. ಒಬ್ಬನಿಗೆ ಎರಡು ಪ್ಲೇಟ್ ಆಯಿತಲ್ಲ. ಮಾತಾಡಿದ್ದು ಪ್ಲೇಟ್ ಲೆಕ್ಕ, ಜನರ ಲೆಕ್ಕ ಅಲ್ಲ. ಹಾಗಾಗಿ ಕೊಡಲೇಬೇಕಾಯಿತು.

ಅಂದಿನಿಂದ ನಾವು ಮಾಡುವುದು ಇಷ್ಟು. ತಿನಿಸಿಗೆ ಚಿಕ್ಕ ಪ್ಲೇಟ್ ಅಥವಾ ಅಡಿಕೆ ಹಾಳೆಯ ದೊನ್ನೆ ಬೇರೆ ಇಡಿಸುತ್ತೇವೆ, ಅದು ಲೆಕ್ಕಕ್ಕೆ ಬರುವುದಿಲ್ಲ ಅಂತ ಮೊದಲೇ ಬರೆಸುತ್ತೇವೆ. ಊಟದ ಪ್ಲೇಟ್‌ಗಳನ್ನು ಐವತ್ತರಂತೆ ಜೋಡಿಸಿ ಅಡುಗೆಮನೆ ಪಕ್ಕ ಇಡುತ್ತಾರೆ. ನಮ್ಮ ಕಡೆಯ ಒಬ್ಬರು ಅವರ ಮೇಸ್ತ್ರಿ ಜೊತೆ ನಿಂತು ಊಟ ಶುರುವಾಗುವ ಮುಂಚೆ ಎಣಿಸುತ್ತಾರೆ. ಊಟ ಮುಗಿದ ಕೂಡಲೇ ಮುಟ್ಟದೆ ಉಳಿದ ಪ್ಲೇಟ್ ಎಣಿಸುತ್ತಾರೆ. ಇದು ಕುಣಿಯುವ ಹುಡುಗರಿಗೆ ಹೇಳುವ ಕೆಲಸ ಅಲ್ಲ. ಬೆಳಗ್ಗಿನಿಂದ ಒಂದು ಪೆಗ್ಗೂ ಮುಟ್ಟದ ಒಬ್ಬ ಮಾವನನ್ನು ಹಿಡಿಯಿರಿ. ನಮ್ಮಲ್ಲಿ ಆ ಕೆಲಸ ಮಾಡುವ ಮಾವ ಕುಪ್ಯದ ಜೇಬಿನಲ್ಲಿ ಸೀಮೆಸುಣ್ಣ ಇಟ್ಟುಕೊಂಡಿರುತ್ತಾರೆ. ತೊಳೆದ ಪ್ಲೇಟ್ ಮತ್ತೆ ಸಾಲಿಗೆ ಬಂದರೆ ಒಂದೊಂದು ಅಟ್ಟಿಗೂ ಗೋಡೆಯ ಮೇಲೆ ಒಂದು ಗೆರೆ ಎಳೆಯುತ್ತಾರೆ.

ಮಿನಿಮಮ್ ಗ್ಯಾರಂಟಿ ಎಷ್ಟು ಅನ್ನುವುದು ಇದರಷ್ಟೇ ದೊಡ್ಡದು. ಮೊದಲನೆಯವರು 600 ಗ್ಯಾರಂಟಿ ಕೇಳಿದ್ದರು. 540 ಬಂದರೂ 600ಕ್ಕೆ ಕೊಡಬೇಕು. ಎರಡನೆಯವರು 500ಕ್ಕೆ ಒಪ್ಪಿದರು, ಅದರ ಮೇಲೆ ಎಷ್ಟು ಎಣಿಕೆ ಆಗುತ್ತದೋ ಅಷ್ಟು. ಮದುವೆ ದಿನ ಬಂದದ್ದು 540. ಅಲ್ಲೇ 60 ಪ್ಲೇಟ್, 43,200 ರೂಪಾಯಿ ಉಳಿಯಿತು. ಕರೆದವರೆಲ್ಲ ಬರುವುದಿಲ್ಲ. ಒಂದೇ ದಿನ ವಿರಾಜಪೇಟೆಯಲ್ಲೊಂದು, ಮಡಿಕೇರಿಯಲ್ಲೊಂದು ಮದುವೆ ಇರುತ್ತದೆ, ಜನ ಹಂಚಿಹೋಗುತ್ತಾರೆ. ಗ್ಯಾರಂಟಿಯನ್ನು ನಿಮ್ಮ ಅಂದಾಜಿಗಿಂತ ಆರರಲ್ಲಿ ಒಂದು ಪಾಲು ಕೆಳಗೆ ಇಡಿಸಿ. ವಾಲಗದವರು, ಫೋಟೊದವರು, ಡ್ರೈವರ್‌ಗಳ ಊಟ ಪೂರ್ತಿ ರೇಟಿಗಾ, ಅರ್ಧಕ್ಕಾ, ಚಿಕ್ಕ ಮಕ್ಕಳ ಲೆಕ್ಕ ಹೇಗೆ ಅಂತಲೂ ಆಗಲೇ ಕೇಳಿ.

720ಕ್ಕೂ 850ಕ್ಕೂ ಪ್ಲೇಟ್ ಒಳಗೆ ಏನು ವ್ಯತ್ಯಾಸ

ಇಲ್ಲಿ ಎರಡು ಮೆನು ಓದಿದರೆ ಒಂದೇ ಥರ ಇರುತ್ತದೆ. ಪಂದಿ ಕರಿ, ಕೋಳಿ ಕರಿ, ಕಡಂಬುಟ್ಟು, ನೂಪುಟ್ಟು, ಅನ್ನ, ತರಕಾರಿ, ಪಾಯಸ. ವ್ಯತ್ಯಾಸ ಇರುವುದು ತೂಕದಲ್ಲಿ. ಪಂದಿ ತಲೆಗೆ ಎಷ್ಟು ಗ್ರಾಂ, ಅದೂ ಹಸಿ ಮಾಂಸದ ಲೆಕ್ಕದಲ್ಲಿ ಕೇಳಿ. ಬೆಂದ ಮೇಲಿನ ಲೆಕ್ಕ ಹೇಳಿದರೆ ಹೋಲಿಸುವುದಕ್ಕೆ ಬರುವುದಿಲ್ಲ. ನಮ್ಮ ಮದುವೆಗೆ ಒಬ್ಬರು 150 ಗ್ರಾಂ, ಇನ್ನೊಬ್ಬರು 200 ಗ್ರಾಂ ಹೇಳಿದರು. 600 ಜನಕ್ಕೆ ಅದು 30 ಕೆಜಿ ವ್ಯತ್ಯಾಸ. ಆಶ್ಚರ್ಯ ಅಂದರೆ 200 ಹೇಳಿದ್ದು 720 ರೂಪಾಯಿಯವರು. ಕಾಚಂಪುಳಿ ಅಸಲಿ ಹಾಕುತ್ತಾರಾ ಅಂತಲೂ ಕೇಳಿ. ಬಾಯಲ್ಲಿ ಎಲ್ಲರೂ ಹೌದು ಅನ್ನುತ್ತಾರೆ. ಅದಕ್ಕೇ ಅವರು ಅಡುಗೆ ಮಾಡುವ ಬೇರೆ ಮದುವೆಗೆ ಹೋದಾಗ ರುಚಿ ನೋಡಿ ಬನ್ನಿ. ಮಾಂಸ, ದಿನಸಿ ನೀವೇ ತಂದುಕೊಟ್ಟು ಅವರಿಗೆ ಅಡುಗೆ ಕೂಲಿ ಮಾತ್ರ ಕೊಡುವ ಪದ್ಧತಿಯೂ ಇದೆ. ಅಂಥ ರೇಟನ್ನು ಪೂರ್ತಿ ಪ್ಲೇಟ್ ರೇಟಿನ ಪಕ್ಕ ಇಟ್ಟು ಅಗ್ಗ ಅನ್ನಬೇಡಿ. ಮೊದಲು ಸಾಮಾನಿನ ದುಡ್ಡು, ಗ್ಯಾಸ್, ಸೌದೆ, ಪಾತ್ರೆ ಸೇರಿಸಿ.

ಡ್ರಿಂಕ್ಸ್ ಇಡುವವರು ಮಂಟಪ ಒಪ್ಪುತ್ತದಾ, ಕೌಂಟರಿಗೆ ಬೇರೆ ಚಾರ್ಜ್ ಇದೆಯಾ, ಸೋಡಾ, ಐಸು, ಗ್ಲಾಸು ಯಾರದ್ದು ಅಂತ ತಿಳಿದುಕೊಳ್ಳಿ. ಅಬಕಾರಿ ಇಲಾಖೆಯ ಸಿಎಲ್-5 ಸನ್ನದು ಮಾಡಿಸುವುದು ಯಾರ ಜವಾಬ್ದಾರಿ ಅಂತಲೂ ಮೊದಲೇ ತೀರ್ಮಾನ ಆಗಲಿ.

"ಬೇಸಿಕ್ ಡೆಕೊರೇಷನ್ ಸೇರಿದೆ"

ಈ ಮಾತು ಕೇಳಿದರೆ ಹೋಗಿ ಕಣ್ಣಲ್ಲಿ ನೋಡಿ. ನಾವು ಹೋಗಿ ನೋಡಿದಾಗ ಬೇಸಿಕ್ ಅಂದರೆ ಸ್ಟೇಜಿನ ಹಿಂದೆ ಒಂದು ಬಟ್ಟೆ, ಎರಡು ಕುರ್ಚಿ, ಬಾಗಿಲಿಗೆ ಪ್ಲಾಸ್ಟಿಕ್ ಹೂವಿನ ಒಂದು ಎಳೆ. ಮ್ಯಾನೇಜರ್ ಫೋನಿನಲ್ಲಿ ತೋರಿಸಿದ ಫೋಟೊ ಬೇರೆಯೇ, ಕಮಾನು ತುಂಬ ಅಸಲಿ ಹೂವು. "ಸಾರ್, ಈ ಫೋಟೊದಲ್ಲಿ ಇರುವ ಹಾಗೆಯೇ ಬೇಕು, ಎಷ್ಟಾಗುತ್ತೆ?" ಅಂತ ಕೇಳಿದಾಗ 85,000 ಬಂತು. ಆ ಫೋಟೊವನ್ನು ನಮ್ಮ ಫೋನಿಗೆ ಹಾಕಿಸಿಕೊಂಡು, ಕೆಳಗೆ ರೇಟು ಬರೆದು, "ಹೂವು ಅಸಲಿ" ಅಂತಲೂ ಬರೆಸಿದೆವು.

ಹೊರಗಿನ ಡೆಕೊರೇಷನ್‌ನವರನ್ನು ಕರೆಸುವುದಾದರೆ ಮೂರು ವಿಷಯ ನೋಡಿ. ಮಂಟಪಕ್ಕೆ ಎಷ್ಟು ಕಟ್ಟಬೇಕು. ಮೊಳೆ ಹೊಡೆಯಬಹುದಾ, ಟೇಪ್ ಅಂಟಿಸಬಹುದಾ, ಯಾಕೆಂದರೆ ಡಿಪಾಸಿಟ್ ಹಿಡಿಯುವುದು ಅದಕ್ಕೇ. ಮೂರನೆಯದು, ಒಳಗೆ ಬಿಡುವ ಸಮಯ. ಮಂಟಪ ಬೆಳಗ್ಗೆ 6ಕ್ಕೆ ಸಿಕ್ಕಿದರೆ 9ರ ಮುಹೂರ್ತಕ್ಕೆ ಹೂವಿನ ಕೆಲಸ ಮುಗಿಯುವುದಿಲ್ಲ. ಆಗ ಹಿಂದಿನ ರಾತ್ರಿಗೂ ಬಾಡಿಗೆ ಕಟ್ಟಿ ಅಂತಾರೆ. ಅದು ಡೆಕೊರೇಷನ್ ಖರ್ಚೇ, ಬೇರೆ ಹೆಸರಿನಲ್ಲಿ ಬಂದದ್ದು. ಏಪ್ರಿಲ್, ಮೇ ಮದುವೆಯಾದರೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುತ್ತದೆ. ಊಟದ ಜಾಗ ಹೊರಗಿದ್ದರೆ ಶಾಮಿಯಾನಾ ಸಾಲದು, ಶೀಟ್ ಹಾಕಿಸಬೇಕು. ಅದರ ರೇಟನ್ನೂ ಈಗಲೇ ಕೇಳಿಡಿ. ಕರೆಂಟು ಹೋದಾಗ ಜನರೇಟರ್ ಅಡುಗೆಮನೆಗೂ ಬರುತ್ತದಾ ಅಂತ ನೋಡಿ.

ತೆರಿಗೆ

ಮೇಲಿನ ಲೆಕ್ಕವೆಲ್ಲ ತೆರಿಗೆ ಬಿಟ್ಟು. ಮಂಟಪದ ಬಾಡಿಗೆಗೆ ಜಿಎಸ್‌ಟಿ ಶೇ. 18. ಹೊರಗಿಂದ ಬಂದು ಮಾಡುವ ಕ್ಯಾಟರಿಂಗ್‌ಗೆ ಸಾಮಾನ್ಯವಾಗಿ ಶೇ. 5. ಎಲ್ಲವನ್ನೂ ಒಂದೇ ಮೊತ್ತ ಮಾಡಿ ಮೇಲೆ 18 ಹಾಕಿದ ಬಿಲ್ ಬಂದರೆ, ಯಾವ ಸಾಲಿಗೆ ಯಾವ ದರ ಅಂತ ಬಿಡಿಸಿ ಬರೆಯಲು ಹೇಳಿ. ಬಿಲ್‌ನಲ್ಲಿ ಜಿಎಸ್‌ಟಿ ನಂಬರ್ ಇಲ್ಲದವರು ತೆರಿಗೆ ಅಂತ ಒಂದು ರೂಪಾಯಿಯೂ ಕೇಳುವ ಹಾಗಿಲ್ಲ. ವರ್ಷಕ್ಕೆ 20 ಲಕ್ಷದ ಒಳಗೆ ವ್ಯವಹಾರ ಇರುವ ಸಣ್ಣ ಅಡುಗೆಯವರು ನೋಂದಣಿ ಮಾಡಿಸಿರಬೇಕೆಂದೂ ಇಲ್ಲ.

ಅಡ್ವಾನ್ಸ್ ಮತ್ತು ಕೊನೆಯ ಕಂತು

ನಾವು ಎರಡನೆಯ ಕಡೆಗೇ ಬುಕ್ ಮಾಡಿದೆವು. ಅಡ್ವಾನ್ಸ್ ಕೊಡುವಾಗ ಆ ವೇಳಾಪಟ್ಟಿಯ ಕಾಗದದ ಮೇಲೆಯೇ ಮಂಟಪದವರ ಸಹಿ, ಅಡುಗೆಯವರ ಸಹಿ ತೆಗೆದುಕೊಂಡೆವು. ದಿನ ಮುಂದಕ್ಕೆ ಹೋದರೆ ಅಡ್ವಾನ್ಸ್ ಹೊಸ ದಿನಕ್ಕೆ ಸೇರುತ್ತದಾ ಅಂತ ಕೇಳಿ ಬರೆಸಿ. ಮನೆಯಲ್ಲಿ ಸಾವು ಆದರೆ ಮದುವೆ ಮುಂದೆ ಹೋಗುತ್ತದೆ, ಆಗ ಈ ಒಂದು ಸಾಲು ಬೇಕಾಗುತ್ತದೆ.

ಅಡುಗೆಯವರಿಗೆ ಮದುವೆ ದಿನ ಬೆಳಗ್ಗೆವರೆಗೆ ಐದರಲ್ಲಿ ನಾಲ್ಕು ಪಾಲು ಕೊಟ್ಟಿದ್ದೆವು. ಅವರೂ ಮಾಂಸ, ದಿನಸಿಗೆ ದುಡ್ಡು ಸುರಿದಿರುತ್ತಾರೆ, ಅದಕ್ಕಿಂತ ಜಾಸ್ತಿ ಹಿಡಿದುಕೊಳ್ಳುವುದು ನ್ಯಾಯ ಅಲ್ಲ. ಉಳಿದ ಒಂದು ಪಾಲು ಎಣಿಕೆ ಆದ ಮೇಲೆ. ಮಧ್ಯಾಹ್ನ ನಾಲ್ಕಕ್ಕೆ ಅಡುಗೆಮನೆ ಹಿಂದೆ ಮಾವ, ಮೇಸ್ತ್ರಿ ಇಬ್ಬರೂ ಉಳಿದ ಪ್ಲೇಟ್ ಎಣಿಸಿದರು. ಗೋಡೆಯ ಮೇಲಿನ ಗೆರೆ ಕೂಡಿಸಿದರು. 540. ಮೇಸ್ತ್ರಿ ಚೀಟಿಯ ಮೇಲೆ ಬರೆದು ಸಹಿ ಹಾಕಿದ, ಮಾವನೂ ಹಾಕಿದರು. ಹೊರಗೆ ಆಗಲೇ ವಾಲಗ ಶುರುವಾಗಿತ್ತು. ಮಾವ ಸೀಮೆಸುಣ್ಣದ ಕೈ ತೊಳೆದು, ಆ ಚೀಟಿಯನ್ನು ಭಾವನ ಕೈಗೆ ಕೊಟ್ಟು, ಆಮೇಲೆ ಕುಣಿಯುವುದಕ್ಕೆ ಹೋದರು. ಮಂಟಪದ ಬೀಗ ವಾಪಸ್ ಕೊಟ್ಟಾಗ ರಾತ್ರಿ 10:40.